ನಾಲ್ಕನೇ ಒಂದು

ಅವರು ಕುರ್ಚಿಯ ಮೇಲೆ ಕೂತು ಪಾಠ ಮಾಡಿದ್ದನ್ನು ನಾನು ನೋಡಿದ್ದು ಶಾಲೆಯ ತಪಾಸಣೆಗೆ ಮೇಲಧಿಕಾರಿಗಳು ಬಂದ ದಿನ ಮಾತ್ರ. ಉಳಿದ ದಿನಗಳಲ್ಲಿ ಅವರ ಜಾಗ ನೆಲ. ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಒಂದು ಮೊಣಕಾಲು ಮಡಚಿ, ಯಾವುದಾದರೊಂದು ಮಗುವಿನ ಎದುರಿಗೆ ಕೂತುಬಿಡುತ್ತಿದ್ದರು. ಮೇಜಿನ ಮೇಲೆ ಅವರ ಚೀಲ, ನೀರಿನ ಬಾಟಲಿ, ಹಾಜರಿ ಪುಸ್ತಕ ಇರುತ್ತಿದ್ದವು. ಕುರ್ಚಿಯ ಮೇಲೆ ಹೆಚ್ಚಾಗಿ ಯಾರದೋ ಒದ್ದೆ ಅಂಗಿ ಒಣಗುತ್ತಿತ್ತು.

ಊರಲ್ಲಿ ಅವರನ್ನು ಹೆಸರು ಹಿಡಿದು ಕರೆಯುವವರು ಇರಲಿಲ್ಲ. ಮಕ್ಕಳಿಗೆ, ಮಕ್ಕಳ ತಾಯಂದಿರಿಗೆ, ನಮಗೆಲ್ಲ ಅವರು ಅಕ್ಕೋರು. ಹೋದ ವರ್ಷ ಬೈಲಹೊಂಗಲದಲ್ಲಿ ಅವರು ತೀರಿಕೊಂಡಾಗ ಮಣ್ಣಿಗೆ ಹೋದ ಹಲವರಿಗೆ ಅವರ ಪೂರ್ತಿ ಹೆಸರು ಗೊತ್ತಾದದ್ದು ಬಾಗಿಲಿಗೆ ಅಂಟಿಸಿದ್ದ ಕಾಗದ ಓದಿದ ಮೇಲೆ. ಅಲ್ಲಿ ಸೇರಿದವರು ಅವರ ಶಿಸ್ತಿನ ಬಗ್ಗೆ, ಸಿಟ್ಟಿನ ಬಗ್ಗೆ ಮಾತಾಡಿಕೊಳ್ಳುತ್ತಿದ್ದರು. ಅದು ಸುಳ್ಳೇನಲ್ಲ. ಆದರೆ ನನಗೆ ಹೇಳಬೇಕೆನಿಸಿದ್ದು ಬೇರೆಯದೇ ಒಂದು ಸಂಗತಿ. ಹೆಗಲಿನ ಶಾಲು ಸರಿಪಡಿಸಿಕೊಳ್ಳುತ್ತ ಹೊರಟು ನಿಂತಿದ್ದವರ ಮುಂದೆ ಅದನ್ನು ಹೇಳಲಾಗಲಿಲ್ಲ. ಈಗ ಬರೆಯುತ್ತಿದ್ದೇನೆ.

ತೊಂಬತ್ತರ ದಶಕದ ಕೊನೆಯ ವರ್ಷಗಳು. ನಾನು ಸಂಪಗಾಂವದವನು. ಹೊಸದಾಗಿ ನೌಕರಿ ಸಿಕ್ಕು ರಾಮದುರ್ಗ ತಾಲೂಕಿನಲ್ಲಿ, ಸುರೇಬಾನದ ಆಚೆಯ ಒಂದು ಹಳ್ಳಿಯ ಪ್ರಾಥಮಿಕ ಶಾಲೆಗೆ ಹೋದೆ. ಅಕ್ಕೋರು ಆಗಲೇ ಅಲ್ಲಿದ್ದರು. ಐದನೇ ಇಯತ್ತೆ ಅವರದು, ನಾಲ್ಕನೆಯದು ನನ್ನದು. ಎರಡು ವರ್ಗಗಳ ನಡುವೆ ಗೋಡೆ ಇರಲಿಲ್ಲ, ಎದೆಯೆತ್ತರದ ಒಂದು ಹಲಗೆಯ ತಡಿಕೆ ಇತ್ತು. ಅವರು ಹೇಳಿದ್ದೆಲ್ಲ ನನಗೆ ಕೇಳುತ್ತಿತ್ತು, ನಾನು ಹೇಳಿದ್ದೆಲ್ಲ ಅವರಿಗೆ. ಮೊದಲ ತಿಂಗಳು ಇದರಿಂದ ನನಗೆ ಬಹಳ ಮುಜುಗರವಾಗುತ್ತಿತ್ತು. ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಇಬ್ಬರೂ ಊರ ಕಡೆ ಹೊರಡುತ್ತಿದ್ದೆವು. ಸವದತ್ತಿಯಲ್ಲಿ ಬಸ್ಸು ಬದಲಿಸಬೇಕು. ಅವರ ಮನೆ ಬೈಲಹೊಂಗಲದಲ್ಲಿ. ಅಲ್ಲಿ ಅವರ ಅಕ್ಕ ಇದ್ದರು, ಅಕ್ಕೋರು ಮದುವೆಯಾಗಿರಲಿಲ್ಲ.

ಬಸ್ಸಿನಲ್ಲಿ ಅವರ ಜೊತೆ ಕೂರುವುದು ಸುಖದ ಸಂಗತಿಯಾಗಿರಲಿಲ್ಲ. ಕಿಟಕಿಯ ಜಾಗ ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ. ನಾನೇನಾದರೂ ಹೇಳತೊಡಗಿದರೆ ನಡುವೆಯೇ ತಡೆದು, ಆ ಮಾತು ಹಾಗಲ್ಲ ಎಂದು ತಿದ್ದುತ್ತಿದ್ದರು. ಹೊಗಳಿಕೆಯಲ್ಲಂತೂ ಬಲು ಜಿಪುಣಿ. ಸ್ವಾತಂತ್ರ್ಯ ದಿನಾಚರಣೆಗೆ ನಾನು ಮಕ್ಕಳಿಂದ ಮಾಡಿಸಿದ ನಾಟಕವನ್ನು ಊರೆಲ್ಲ ಮೆಚ್ಚಿತು. ಅಕ್ಕೋರು ಹೇಳಿದ್ದು, ಹಿಂದೆ ನಿಂತ ಹುಡುಗಿಯ ಮಾತು ಒಂದೂ ಕೇಳಲಿಲ್ಲ ಎಂದಷ್ಟೇ. ಪಾಠ ಟಿಪ್ಪಣಿ ಬರೆಯುವುದರಲ್ಲಿ ಸದಾ ಹಿಂದೆ. ಮುಖ್ಯೋಪಾಧ್ಯಾಯರು ಕೇಳಿದಾಗಲೆಲ್ಲ, ಮಾಡಿದ ಮೇಲೆ ಬರೆಯುತ್ತೇನೆ, ಮಾಡುವ ಮೊದಲು ಬರೆದರೆ ಅದು ಸುಳ್ಳಾಗುತ್ತದೆ ಎನ್ನುತ್ತಿದ್ದರು.

ತಪ್ಪು ಉತ್ತರ ಕೇಳಿದಾಗ ಮಾತ್ರ ಅವರ ಮುಖವೇ ಬೇರೆ. ನಾವೆಲ್ಲ ಮಗು ತಪ್ಪು ಹೇಳಿದರೆ ಪಕ್ಕದ ಮಗುವಿನ ಕಡೆ ತಿರುಗುವವರು. ಅವರು ತಪ್ಪು ಹೇಳಿದ ಮಗುವಿನ ಹತ್ತಿರ ಸರಿದು ಕೂರುತ್ತಿದ್ದರು. ಕೇಳುವುದು ಒಂದೇ ಮಾತು: "ಹೆಂಗ ಮಾಡಿದಿ, ತೋರ್ಸು." ಅದರಲ್ಲಿ ಗದರಿಕೆ ಇರುತ್ತಿರಲಿಲ್ಲ. ಊಟಕ್ಕೆ ಹೋದ ಮನೆಯಲ್ಲಿ ಅಡುಗೆ ರುಚಿಯಾಗಿದ್ದರೆ ಹೆಣ್ಣುಮಕ್ಕಳು ಅದನ್ನು ಮಾಡಿದ ಬಗೆ ಕೇಳುವ ಧಾಟಿ ಅದು.

ಒಮ್ಮೆ ಒಬ್ಬ ಹುಡುಗಿ ಮಲಪ್ರಭಾ ನದಿ ಉತ್ತರದಿಂದ ದಕ್ಷಿಣಕ್ಕೆ ಹರಿಯುತ್ತದೆ ಎಂದಳು. ಮಳೆಗಾಲದಲ್ಲಿ ಆ ನದಿಯನ್ನೇ ದಾಟಿ ಅಜ್ಜಿಯ ಊರಿಗೆ ಹೋಗುವ ಹುಡುಗಿ. ಅಕ್ಕೋರು ತೋರಿಸು ಎಂದರು. ಹುಡುಗಿ ಗೋಡೆಯ ನಕಾಶೆಯ ಮುಂದೆ ನಿಂತು ಬೆರಳನ್ನು ಮೇಲಿನಿಂದ ಕೆಳಕ್ಕೆ ಇಳಿಸಿದಳು. ನೀರು ಮೇಲಿನಿಂದ ಕೆಳಕ್ಕೇ ತಾನೇ ಹರಿಯುವುದು, ನಕಾಶೆಯ ಮೇಲುಗಡೆ ಉತ್ತರ, ಆದ್ದರಿಂದ ನದಿ ಉತ್ತರದಿಂದಲೇ ಬರಬೇಕು. ಅಕ್ಕೋರು ನಕಾಶೆಯನ್ನು ಗೋಡೆಯಿಂದ ಕಿತ್ತು ನೆಲದ ಮೇಲೆ ಹಾಸಿದರು. ಅವತ್ತಿನಿಂದ ಅವರ ವರ್ಗದ ನಕಾಶೆ ಮತ್ತೆ ಗೋಡೆಗೆ ಏರಲಿಲ್ಲ. ಮುಖ್ಯೋಪಾಧ್ಯಾಯರಿಗೆ ಅದೊಂದು ತಲೆನೋವು.

ಇಂಥವರ ವರ್ಗಕ್ಕೆ ಮೌಲಾಲಿ ಬಂದ.

ಅವನ ತಂದೆ ಸವದತ್ತಿಯವರು. ನಮ್ಮ ಶಾಲೆಯಿದ್ದ ಹಳ್ಳಿಯ ಒಬ್ಬ ದೊಡ್ಡ ರೈತನ ಟ್ರ್ಯಾಕ್ಟರ್ ನಡೆಸುವ ಕೆಲಸ ಹಿಡಿದು ಹೆಂಡತಿ ಮಕ್ಕಳೊಂದಿಗೆ ಬಂದಿದ್ದರು. ಮೌಲಾಲಿ ನಾಲ್ಕನೆಯ ಇಯತ್ತೆಯವರೆಗೆ ಸವದತ್ತಿಯಲ್ಲಿ ಉರ್ದು ಶಾಲೆಯಲ್ಲಿ ಕಲಿತವನು. ನಮ್ಮ ಹಳ್ಳಿಯಲ್ಲಿ ಉರ್ದು ಶಾಲೆ ಇರಲಿಲ್ಲ, ಹಾಗಾಗಿ ಕನ್ನಡ ಶಾಲೆಗೆ ಸೇರಿಸಿದರು. ಶಾಲೆ ಸುರುವಾಗಿ ಎರಡು ತಿಂಗಳ ಮೇಲೆ ಸೇರಿದ. ಅಷ್ಟರಲ್ಲಿ ಭಿನ್ನರಾಶಿಯ ಪಾಠ ಅರ್ಧ ಮುಗಿದಿತ್ತು. ಭಾಷೆಯ ತೊಂದರೆ ಎನ್ನೋಣವೆಂದರೆ ಅವನು ಮಾತಾಡುವ ಕನ್ನಡ ನಮ್ಮೂರಿನ ಹುಡುಗರ ಕನ್ನಡಕ್ಕಿಂತ ಚುರುಕಾಗಿತ್ತು. ಬೆಳೆದದ್ದು ಸವದತ್ತಿಯ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ. ಯಾವ ಬಸ್ಸು ಯಾವ ಊರಿಗೆ ಹೋಗುತ್ತದೆ ಎಂದು ಕಂಡಕ್ಟರಂತೆ ಕೂಗಿ ತೋರಿಸಿ ಮೊದಲ ವಾರದಲ್ಲೇ ಎಲ್ಲರನ್ನೂ ನಗಿಸಿದ್ದ.

ಎರಡನೆಯ ವಾರ ನಗು ಬೇರೆ ಥರದ್ದಾಯಿತು. ಅಕ್ಕೋರು ಹನ್ನೆರಡರ ನಾಲ್ಕನೇ ಒಂದು ಭಾಗ ಎಷ್ಟು ಎಂದು ಕೇಳಿದರು. ಮೌಲಾಲಿ ತಟ್ಟನೆ ಎದ್ದು ಒಂದು ಎಂದ. ಇಪ್ಪತ್ತರ ಐದನೇ ಒಂದು ಭಾಗ? ಒಂದು. ಹದಿನೆಂಟರ ಮೂರನೇ ಒಂದು? ಅದಕ್ಕೂ ಒಂದು. ಬೇರೆಯವರು ಸರಿಯಾದ ಉತ್ತರ ಹೇಳಿದ ಮೇಲೂ, ಮರುದಿನ ಕೇಳಿದರೆ ಮತ್ತೆ ಒಂದು. ಹುಡುಗರು ಅವನಿಗೆ ಒಂದ್ಯಾ ಎಂದು ಹೆಸರಿಟ್ಟರು. ನೀರಿನ ಟಾಕಿಯ ಹತ್ತಿರ, ಆಟದ ಬಯಲಿನಲ್ಲಿ, ಮನೆಗೆ ಹೋಗುವ ದಾರಿಯಲ್ಲಿ ಎಲ್ಲೆಲ್ಲೂ ಒಂದ್ಯಾ. ಕೆಲವು ದಿನಗಳಲ್ಲಿ ಅವನು ಕೈ ಎತ್ತುವುದನ್ನು ಬಿಟ್ಟ. ಕನ್ನಡ ಪಾಠದಲ್ಲೂ ಮಾತಾಡದಾದ. ಬಸ್ಸಿನ ಕೂಗು ನಿಂತೇ ಹೋಯಿತು.

ಮುಖ್ಯೋಪಾಧ್ಯಾಯರು ಒಳ್ಳೆಯ ಮನುಷ್ಯ. ಹುಡುಗನಿಗೆ ಬುನಾದಿ ಸರಿ ಇಲ್ಲ, ಒಂದು ವರ್ಷ ನಾಲ್ಕನೆಯದರಲ್ಲಿ ಕೂರಿಸೋಣ ಎಂದರು. ಅಂದರೆ ನನ್ನ ವರ್ಗದಲ್ಲಿ. ನನಗೂ ಅದು ಸರಿಯೆನಿಸಿತು.

ಈ ಸುದ್ದಿ ಅವನ ತಂದೆಗೆ ಹೇಗೋ ತಲುಪಿತು. ಒಂದು ಮಧ್ಯಾಹ್ನ ಟ್ರ್ಯಾಕ್ಟರನ್ನು ಶಾಲೆಯ ಮುಂದೆ ನಿಲ್ಲಿಸಿ ಒಳಗೆ ಬಂದರು. ಕೈಗೆ ಗ್ರೀಸು ಹತ್ತಿತ್ತು, ಹಾಗಾಗಿ ನಮಸ್ಕಾರವನ್ನು ತಲೆ ಬಾಗಿಸಿಯೇ ಮಾಡಿದರು. ಕೂತ್ಕೊಳ್ಳಿ ಎಂದರೂ ಕೂರಲಿಲ್ಲ.

"ಅಕ್ಕೋರ, ಖರೇ ಹೇಳಿಬಿಡ್ರಿ," ಎಂದರು. "ತಲ್ಯಾಗ ಇಲ್ಲಂದ್ರ ಇಲ್ಲ. ಸವದತ್ತ್ಯಾಗ ಅವನ ಮಾಮಾನ ಪಂಕ್ಚರ್ ಅಂಗಡಿ ಐತಿ, ಅಲ್ಲೆ ಬಿಡತೇನಿ. ದಿನಾ ಅಳಕೋತ ಬರತಾನ. ಅವರವ್ವಗ ನೋಡಾಕ ಆಗವಲ್ದು."

ಅಕ್ಕೋರೂ ಎದ್ದು ನಿಂತರು.

"ತಲ್ಯಾಗ ಏನೋ ಐತ್ರಿ," ಎಂದರು. "ಏನೈತಿ ಅಂಬೂದು ನನಗ ಗೊತ್ತಾಗವಲ್ದು. ದಸರಾ ಸೂಟಿ ತನಕ ನನ್ನ ಕಡೆ ಬಿಡ್ರಿ."

ತಂದೆ ಹೋದ ಮೇಲೆ ನಾನು ಕೇಳಿದೆ, ಹಾಗೆ ಯಾಕೆ ಹೇಳಿದಿರಿ, ಅವನಿಗೆ ಭಾಗಾಕಾರವೇ ಬರುವುದಿಲ್ಲವೇನೋ. ಅಕ್ಕೋರು ಒಪ್ಪಲಿಲ್ಲ. ಗೊತ್ತಿಲ್ಲದ ಹುಡುಗ ಉತ್ತರ ಹೇಳುವಾಗ ನಮ್ಮ ಮುಖ ನೋಡುತ್ತಾನೆ, ನಾವು ಹುಬ್ಬು ಗಂಟಿಕ್ಕಿದರೆ ಉತ್ತರ ಬದಲಿಸುತ್ತಾನೆ, ಒಮ್ಮೆ ಎರಡು ಎನ್ನುತ್ತಾನೆ, ಒಮ್ಮೆ ಎಂಟು ಎನ್ನುತ್ತಾನೆ. ಈ ಹುಡುಗ ಬದಲಿಸುತ್ತಿಲ್ಲ. ಅಳುತ್ತಾನೆ, ಆದರೆ ಬದಲಿಸುವುದಿಲ್ಲ. ಹಾಗಾದರೆ ಅವನಿಗೆ ಅದು ಸರಿಯಾಗಿ ಕಾಣುತ್ತಿರಬೇಕು. ಯಾಕೆ ಸರಿ ಕಾಣುತ್ತದೆ ಎಂಬುದೇ ತನಗೆ ಹೊಳೆಯುತ್ತಿಲ್ಲ ಎಂದರು.

ಮರುದಿನದಿಂದ ಅವರು ಹುಡುಕತೊಡಗಿದರು. ಊಟದ ಬಿಡುವಿನಲ್ಲಿ ಮಕ್ಕಳೆಲ್ಲ ಹೊರಗೆ ಓಡಿದ ಮೇಲೆ ಮೌಲಾಲಿಯನ್ನು ನಿಲ್ಲಿಸಿಕೊಂಡು ನೆಲದ ಮೇಲೆ ಕೂರುತ್ತಿದ್ದರು. ನಾನು ತಡಿಕೆಯ ಈಚೆ ರೊಟ್ಟಿ ತಿನ್ನುತ್ತ ನೋಡುತ್ತಿದ್ದೆ. ಮೊದಲು ನನ್ನ ಅನುಮಾನವನ್ನೇ ತೆಗೆದುಕೊಂಡರು. ಹನ್ನೆರಡು ಹುಣಸೆ ಬೀಜ ಕೊಟ್ಟು, ನಾಲ್ಕು ಮಂದಿಗೆ ಸರಿಯಾಗಿ ಹಂಚು ಎಂದರು. ಹುಡುಗ ಬೀಜ ಮುಟ್ಟುವ ಮೊದಲೇ ಮೂರು ಮೂರು ಬರುತ್ತವೆ ಎಂದ. ಭಾಗಾಕಾರ ಬರುತ್ತಿತ್ತು. ಹಾಗಾದರೆ ಒಂದು ರಾಶಿಯಲ್ಲಿ ಅಷ್ಟು ಪಾಲು ಎಂಬ ಮಾತೇ ಅವನಿಗೆ ತಿಳಿಯುತ್ತಿಲ್ಲವೇನೋ ಎಂದುಕೊಂಡು, ಹನ್ನೆರಡರ ಅರ್ಧ ಎಷ್ಟು ಎಂದು ಕೇಳಿದರು. ಆರು. ಪಾವ ಎಷ್ಟು? ಸಂತೆಯಲ್ಲಿ ಪಾವ ಕಿಲೋ ಮೆಣಸಿನಕಾಯಿ ಎನ್ನುವುದಿಲ್ಲವೇ, ಅದೇ ಪಾವ. ಮೂರು ಎಂದ, ತಡೆಯಿಲ್ಲದೆ. ನಾಲ್ಕನೇ ಒಂದು ಎಷ್ಟು? ಒಂದು.

ಅಕ್ಕೋರು ಕೈಯಲ್ಲಿದ್ದ ಸೀಮೆಸುಣ್ಣವನ್ನು ನೆಲಕ್ಕಿಟ್ಟರು. ಪಾವ ಎಂದರೆ ಮೂರು, ನಾಲ್ಕನೇ ಒಂದು ಎಂದರೆ ಒಂದು. ಹುಡುಗನಿಗೆ ಅವೆರಡೂ ಅದೇ ಕಾಲು ಭಾಗ ಎಂಬ ಗುಮಾನಿಯೂ ಇರಲಿಲ್ಲ. ಅವತ್ತು ಅವರು ಊಟ ಮಾಡಲಿಲ್ಲ.

ಮರುದಿನ ಚಿತ್ರಗಳು. ನೆಲದ ಮೇಲೆ ಉದ್ದನೆಯ ಪಟ್ಟಿ ಬರೆದು ನಾಲ್ಕು ಮನೆ ಮಾಡಿ, ನಾಲ್ಕನೇ ಒಂದು ಭಾಗ ತುಂಬು ಎಂದರು. ಹುಡುಗ ಒಂದು ಮನೆ ತುಂಬಿದ. ಸರಿ. ಮೂರು ಮನೆಯ ಪಟ್ಟಿಯಲ್ಲಿ ಮೂರನೇ ಒಂದು? ಒಂದು ಮನೆ ತುಂಬಿದ. ಅದೂ ಸರಿ. ನಾಲ್ಕು ಮನೆಯಲ್ಲಿ ನಾಲ್ಕನೇ ಮೂರು? ಮೂರು ಮನೆ. ಎಲ್ಲವೂ ಸರಿ. ನಾನು ತಡಿಕೆಯ ಮೇಲಿಂದ, ಚಿತ್ರದಲ್ಲಿ ಬರುತ್ತದೆ, ಲೆಕ್ಕದಲ್ಲಿ ಬರುವುದಿಲ್ಲ, ಅಭ್ಯಾಸ ಸಾಲದು ಎಂದೆ. ಅಕ್ಕೋರು ಹುಡುಗನನ್ನು ಆಟಕ್ಕೆ ಕಳಿಸಿ, ತಾವು ಆ ಪಟ್ಟಿಗಳ ಮುಂದೆ ಕೂತೇ ಇದ್ದರು. ಗಂಟೆ ಹೊಡೆದು ಮಕ್ಕಳು ಒಳಗೆ ನುಗ್ಗಿದಾಗ, ಪಟ್ಟಿಗಳನ್ನು ತುಳಿಯಬೇಡಿ ಎಂದು ಗದರಿದರು. ಇಡೀ ಮಧ್ಯಾಹ್ನ ಮಕ್ಕಳು ಗೋಡೆಗೆ ಅಂಟಿಕೊಂಡು ಓಡಾಡಿದರು.

ಶಾಲೆ ಬಿಟ್ಟ ಮೇಲೆ ನನ್ನನ್ನು ಕರೆದರು.

"ಸರ, ಇಲ್ಲಿ ನೋಡ್ರಿ. ನೀವಾದ್ರ ಯಾವ ಮನಿ ತುಂಬತಿದ್ರಿ?"

ನಾನು ಎಡಗಡೆಯ ಮೊದಲ ಮನೆ ತೋರಿಸಿದೆ. ಯಾರಾದರೂ ಅದನ್ನೇ ತುಂಬುತ್ತಾರೆ. ಮೌಲಾಲಿ ತುಂಬಿದ್ದು ಕೊನೆಯದನ್ನು. ನಾಲ್ಕು ಮನೆಯ ಪಟ್ಟಿಯಲ್ಲಿ ನಾಲ್ಕನೆಯದು, ಮೂರು ಮನೆಯ ಪಟ್ಟಿಯಲ್ಲಿ ಮೂರನೆಯದು. ನಾಲ್ಕನೇ ಮೂರು ಎಂದಾಗ ಮೊದಲನೆಯ ಮನೆ ಖಾಲಿ ಬಿಟ್ಟು ಎರಡು, ಮೂರು, ನಾಲ್ಕನೆಯದನ್ನು ತುಂಬಿದ್ದ. ನನಗೆ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ. ಉರ್ದು ಬಲದಿಂದ ಎಡಕ್ಕೆ ಬರೆಯುವ ಭಾಷೆ, ಆ ರೂಢಿಯಿಂದ ಬಲಗಡೆಯಿಂದ ಸುರು ಮಾಡಿರಬಹುದು ಎಂದೆ. ಅಕ್ಕೋರು ಆ ಮಾತನ್ನು ತಳ್ಳಿಹಾಕಲಿಲ್ಲ. ಹಾಗೂ ಇರಬಹುದು, ಆದರೆ ತನಗೆ ಬೇರೊಂದು ಅನಿಸುತ್ತಿದೆ, ನಾಳೆ ಎರಡು ಪಟ್ಟಿ ಬರೆದರೆ ಯಾವುದು ಖರೆ ಎಂದು ಗೊತ್ತಾಗುತ್ತದೆ ಎಂದರು. ಒಂದರಲ್ಲಿ ಎಂಟು ಮನೆ, ಇನ್ನೊಂದರಲ್ಲಿ ಮೂರು ಮನೆ. ಎರಡರಲ್ಲೂ ನಾಲ್ಕನೇ ಒಂದು ತುಂಬು ಎಂದು ಹೇಳುವುದು. ಬಲಗಡೆಯಿಂದ ಸುರು ಮಾಡುವ ಹುಡುಗನಾದರೆ ಎಂಟನೆಯ ಮನೆಯಿಂದ ತುಂಬುತ್ತ ಬರುತ್ತಾನೆ. ಅಕ್ಕೋರ ಅನುಮಾನ ಸರಿಯಾದರೆ ನಡುವಿನ ಒಂದು ಮನೆ ತುಂಬುತ್ತಾನೆ. ಮೂರು ಮನೆಯ ಪಟ್ಟಿಯಲ್ಲಿ ಏನು ಮಾಡುತ್ತಾನೆ ಎಂದು ಅವರು ನನಗೆ ಹೇಳಲಿಲ್ಲ. ನೀವೇ ಬಂದು ನೋಡಿ ಎಂದರು.

ಮರುದಿನ ನಾನು ರೊಟ್ಟಿಯ ಗಂಟು ಬಿಚ್ಚದೆ ತಡಿಕೆಯ ಆಚೆ ಹೋಗಿ ಕೂತೆ. ಮೌಲಾಲಿ ನನ್ನನ್ನು ನೋಡಿ ಇನ್ನಷ್ಟು ಮುದುಡಿದ. ಅಕ್ಕೋರು ಎಂಟು ಮನೆಯ ಪಟ್ಟಿ ತೋರಿಸಿದರು. ಹುಡುಗ ಎಡಗಡೆಯಿಂದ ಬೆರಳಿಟ್ಟು ಮನಸ್ಸಿನಲ್ಲೇ ಎಣಿಸಿ, ನಾಲ್ಕನೆಯ ಮನೆಯನ್ನು ಅಚ್ಚುಕಟ್ಟಾಗಿ ತುಂಬಿದ. ಅದೊಂದನ್ನೇ. ಅಕ್ಕೋರು ನನ್ನ ಕಡೆ ನೋಡಲಿಲ್ಲ. ಮೂರು ಮನೆಯ ಪಟ್ಟಿಯನ್ನು ತೋರಿಸಿ ಅದೇ ಮಾತು ಹೇಳಿದರು. ಹುಡುಗ ಎಣಿಸಿದ. ಮತ್ತೊಮ್ಮೆ ಎಣಿಸಿದ. ಸೀಮೆಸುಣ್ಣ ಕೈಯಲ್ಲೇ ಉಳಿಯಿತು.

"ಬರಂಗಿಲ್ರಿ ಅಕ್ಕೋರ," ಎಂದ ಮೆಲ್ಲಗೆ. "ಮೂರ ಮನಿ ಅದಾವ. ನಾಲ್ಕನೇದ ಇಲ್ಲ."

ಆಗ ನನಗೂ ತಿಳಿಯಿತು. ನಾಲ್ಕನೇ ಓಣಿ, ನಾಲ್ಕನೇ ಬಸ್ಸು, ನಾಲ್ಕನೇ ಇಯತ್ತೆ ಇದ್ದ ಹಾಗೆ ಅವನಿಗೆ ನಾಲ್ಕನೇ ಒಂದು ಎಂದರೆ ಸಾಲಿನಲ್ಲಿ ನಾಲ್ಕನೆಯದಾಗಿ ನಿಂತ ಒಂದು. ಹನ್ನೆರಡು ಬೀಜವಿರಲಿ, ಇಪ್ಪತ್ತು ಬೀಜವಿರಲಿ, ನಾಲ್ಕನೆಯ ಬೀಜ ಒಂದೇ ಬೀಜ. ಆದ್ದರಿಂದ ಉತ್ತರ ಒಂದು. ನಾಲ್ಕನೇ ಮೂರು ಎಂದರೆ ನಾಲ್ಕನೆಯದರ ತನಕ ಬಂದು ನಿಲ್ಲುವ ಮೂರು. ಪಟ್ಟಿಯಲ್ಲಿ ಮನೆಗಳೂ ನಾಲ್ಕೇ ಇದ್ದಾಗ ಆ ಅರ್ಥಕ್ಕೂ ನಮ್ಮ ಅರ್ಥಕ್ಕೂ ಚಿತ್ರ ಒಂದೇ ಬರುತ್ತಿತ್ತು. ಪುಸ್ತಕದ ಚಿತ್ರಗಳೆಲ್ಲ ಹಾಗೆಯೇ ಇದ್ದವು. ಅವನ ತಪ್ಪು ಅಡಗಿ ಕೂತದ್ದು ಅವನ ಸರಿ ಉತ್ತರಗಳ ಹಿಂದೆ.

ಅಕ್ಕೋರು ಹುಡುಗನಿಗೆ ತಪ್ಪು ಎನ್ನಲಿಲ್ಲ. ಮನೆಯಲ್ಲಿ ಪಾವಕ್ಕೆ ಇನ್ನೊಂದು ಹೆಸರು ಏನು, ಉರ್ದು ಶಾಲೆಯಲ್ಲಿ ಏನು ಹೇಳಿಕೊಟ್ಟಿದ್ದರು ಎಂದು ಕೇಳಿದರು. ಚೌಥಾಯಿ ಎಂದ. ಸಾಲಿನಲ್ಲಿ ನಾಲ್ಕನೆಯವನಿಗೆ ಏನನ್ನುತ್ತೀರಿ? ಚೌಥಾ.

"ಕನ್ನಡದಾಗ ನಾಲ್ಕನೇ ಒಂದು ಅಂದ್ರ ಚೌಥಾಯಿನಪಾ," ಎಂದರು ಅಕ್ಕೋರು. "ಚೌಥಾ ಅಲ್ಲ."

ಹುಡುಗ ಒಂದು ಪಟ್ಟಿ ನೋಡಿದ, ಇನ್ನೊಂದು ಪಟ್ಟಿ ನೋಡಿದ. ಅಷ್ಟು ದಿನ ನಕ್ಕವರೆಲ್ಲರ ಲೆಕ್ಕ ಅವನ ತಲೆಯಲ್ಲಿ ಓಡುತ್ತಿತ್ತೋ ಏನೋ.

"ಮತ್ತ ಎರಡಕ್ಕೂ ಒಂದ ಮಾತು ಯಾಕ ಇಟ್ಟಾರ್ರಿ?" ಎಂದು ಕೇಳಿದ.

ಅಕ್ಕೋರಿಗೆ ನಗು ಬಂತು. ಅದು ತನಗೂ ಗೊತ್ತಿಲ್ಲ ಎಂದರು.

ಅಲ್ಲಿಗೆ ಮುಗಿಯಿತು ಎಂದು ನಾನು ಭಾವಿಸಿದ್ದೆ. ಅಕ್ಕೋರು ಹಾಗೆ ಭಾವಿಸಲಿಲ್ಲ. ಮಾತಿನ ಅರ್ಥ ಹೇಳಿದ ಮಾತ್ರಕ್ಕೆ ಹಳೆಯ ಅರ್ಥ ಎದ್ದು ಹೋಗುವುದಿಲ್ಲ ಎಂದರು. ಹನ್ನೆರಡು ಬೀಜಗಳನ್ನು ಅವನಿಂದಲೇ ನಾಲ್ಕು ಸಮಪಾಲು ಮಾಡಿಸಿ, ನಾಲ್ಕನೇ ಒಂದು ತೆಗೆದುಕೋ ಎಂದರು. ಹುಡುಗ ಕೊನೆಯ ಗುಂಪನ್ನು ತೆಗೆದುಕೊಂಡ. ಮೂರು ಬೀಜ. ಉತ್ತರ ಸರಿ, ಆದರೆ ಅಕ್ಕೋರು ಬಿಡಲಿಲ್ಲ. ಮೊದಲ ಗುಂಪು ತೆಗೆದುಕೊಂಡಿದ್ದರೆ ಎಷ್ಟಾಗುತ್ತಿತ್ತು? ಎರಡನೆಯದು ತೆಗೆದುಕೊಂಡಿದ್ದರೆ? ಹುಡುಗ ಪ್ರತಿ ಗುಂಪನ್ನೂ ಎಣಿಸಿ ನೋಡಿದ. ಎಲ್ಲದರಲ್ಲೂ ಮೂರು. ಎಷ್ಟನೆಯದು ಎನ್ನುವುದಕ್ಕೆ ಇಲ್ಲಿ ಬೆಲೆಯೇ ಇಲ್ಲ, ಪಾಲುಗಳು ಸಮ ಇದ್ದರೆ ಯಾವುದನ್ನು ತೆಗೆದುಕೊಂಡರೂ ಅಷ್ಟೇ, ಎಂಬುದು ಅವನ ಬೆರಳಿಗೆ ತಿಳಿಯುವವರೆಗೆ ಅದನ್ನೇ ಮಾಡಿಸಿದರು. ಆಮೇಲೆ ಗುಂಪುಗಳನ್ನು ಕಲೆಸಿ ಮೂರು ಪಾಲು ಮಾಡಿಸಿ, ಮೂರನೇ ಎರಡು ಎಂದರು. ಹುಡುಗ ಎರಡು ಗುಂಪು ಎತ್ತಿಕೊಂಡು, ಬೀಜ ಎಣಿಸಿ ಎಂಟು ಎಂದ.

ಮರುದಿನ ಬೆಳಿಗ್ಗೆ ಕರಿಹಲಗೆಯ ಮೇಲೆ ಇಪ್ಪತ್ತರ ನಾಲ್ಕನೇ ಒಂದು ಎಷ್ಟು ಎಂದು ಬರೆದಾಗ ಮತ್ತೆ ಒಂದು ಎಂದ. ವರ್ಗವೆಲ್ಲ ನಗುವ ಮೊದಲೇ ತಾನೇ ತಡೆದುಕೊಂಡು, ಅಲ್ಲ ಎಂದು ಕೈಯಿಂದ ಗಾಳಿಯಲ್ಲಿ ಗುಂಪು ಮಾಡಿ, ಐದು ಎಂದ. ಕೆಲವು ದಿನ ಹಾಗೆಯೇ ನಡೆಯಿತು. ಮೊದಲು ಹಳೆಯ ಉತ್ತರ, ಹಿಂದೆಯೇ ಹೊಸದು. ಅಕ್ಕೋರು ಅವಸರ ಮಾಡಲಿಲ್ಲ. ಹಳೆಯದು ಕಡಿಮೆಯಾಗುತ್ತ ಬಂದು ಒಂದು ದಿನ ಕೇಳಿಸದಾಯಿತು.

ಆದರೆ ನಾನು ಅವರನ್ನು ನಿಜವಾಗಿ ಮೆಚ್ಚಿದ್ದು ಆಮೇಲೆ ಮಾಡಿದ ಕೆಲಸಕ್ಕೆ. ಒಂದು ಬೆಳಿಗ್ಗೆ ಇಡೀ ವರ್ಗಕ್ಕೆ ಪಾಟಿ, ಬಳಪ ಹಿಡಿಯಲು ಹೇಳಿದರು. ಎಂಟು ಮನೆಯ ಪಟ್ಟಿ ಬರೆಸಿ, ನಾಲ್ಕನೇ ಒಂದು ತುಂಬಿ ಎಂದರು. ಹನ್ನೆರಡರ ನಾಲ್ಕನೇ ಒಂದು ಮೂರು ಎಂದು ಕಣ್ಣು ಮುಚ್ಚಿ ಹೇಳುವ ಮಕ್ಕಳು ಅವರು. ಪಾಟಿಗಳನ್ನು ನೋಡುತ್ತ ಬಂದಾಗ, ಹಲವರು ಎರಡು ಮನೆ ತುಂಬುವ ಬದಲು ನಾಲ್ಕನೆಯ ಮನೆ ಒಂದನ್ನೇ ತುಂಬಿದ್ದರು. ಅವರಲ್ಲಿ ಮನೆಮಾತು ಕನ್ನಡದವರೇ ಹೆಚ್ಚು. ವರ್ಗದಲ್ಲಿ ಮೊದಲು ಬರುವ ಹುಡುಗನೂ ಇದ್ದ. ಕೆಳಗಿನ ಅಂಕಿಯಿಂದ ಭಾಗಿಸು ಎಂಬ ಸೂತ್ರ ಅವರಿಗೆ ಬಾಯಿಪಾಠವಾಗಿತ್ತು, ಅದರಿಂದ ಉತ್ತರ ಸರಿ ಬರುತ್ತಿತ್ತು. ಮಾತಿನ ಅರ್ಥ ಮೌಲಾಲಿಗೆ ಇದ್ದದ್ದೇ ಅವರಿಗೂ ಇತ್ತು. ಅವನು ತಡವಾಗಿ ಸೇರಿದ್ದರಿಂದ ಸೂತ್ರ ಅವನಿಗೆ ಸಿಕ್ಕಿರಲಿಲ್ಲ. ಬರೀ ಮಾತನ್ನೇ ನಂಬಿ ಲೆಕ್ಕ ಮಾಡಿದ್ದ.

ಅಕ್ಕೋರು ವರ್ಗದ ಮುಂದೆ ನಿಂತರು. ಅವರು ನಿಂತರೆಂದರೆ ಮಕ್ಕಳು ಉಸಿರು ಬಿಗಿಹಿಡಿಯುತ್ತಿದ್ದರು.

"ನೀವು ಕುಂತಿದ್ದು ಐದನೇ ಇಯತ್ತೆ," ಎಂದರು. "ಐದನೇದು ಅಂದ್ರ ಎಷ್ಟು ಇಯತ್ತೆ? ಒಂದ. ಮೌಲಾಲಿ ಹೇಳಿದ್ದು ಅದ. ಅಂವಗ ಕೇಳಿಸಿದ ಪ್ರಶ್ನಿಗೆ ಅಂವ ಸರಿ ಉತ್ತರಾ ಹೇಳ್ಯಾನ. ಪ್ರಶ್ನೆ ಸರಿ ಕೇಳಿರಲಿಲ್ಲ ನಾನು."

ಆಮೇಲೆ ಅವನನ್ನೇ ಕರೆದು, ನಾಲ್ಕನೇ ಒಂದನ್ನು ಯಾರ್ಯಾರು ನಾಲ್ಕನೆಯದು ಎಂದು ತಿಳಿದುಕೊಂಡಿದ್ದಾರೆ, ನೋಡಿಕೊಂಡು ಬಾ ಎಂದರು. ಮೌಲಾಲಿ ಸಾಲುಗಳ ನಡುವೆ ಹೋದ. ಮೊದಲ ಸ್ಥಾನದ ಹುಡುಗನ ಪಾಟಿಯ ಹತ್ತಿರ ನಿಂತು, ನಗದೆ, ಹುಣಸೆ ಬೀಜ ಕೊಡ್ರಿ ಅಕ್ಕೋರ, ಇವಗ ತೋರಿಸತೇನಿ ಎಂದ. ಅಕ್ಕೋರು ಕೊಟ್ಟರು. ಇಬ್ಬರೂ ನೆಲದ ಮೇಲೆ ಕೂತು ಪಾಲು ಮಾಡತೊಡಗಿದರು. ಅವತ್ತಿನಿಂದ ಒಂದ್ಯಾ ಎಂಬ ಹೆಸರು ನನ್ನ ಕಿವಿಗೆ ಬೀಳಲಿಲ್ಲ. ಅಕ್ಕೋರ ವರ್ಗದಲ್ಲಿ ಭಿನ್ನರಾಶಿ ಓದುವ ರೀತಿಯೂ ಬದಲಾಯಿತು. ನಾಲ್ಕನೇ ಒಂದು ಎಂದು ಯಾರೂ ಬರೀ ಹೇಳುವಂತಿಲ್ಲ. ನಾಲ್ಕು ಸಮಪಾಲಿನಲ್ಲಿ ಒಂದು ಪಾಲು ಎಂದು ಪೂರ್ತಿ ಹೇಳಬೇಕು. ಮೂರು ಮನೆಯ ಪಟ್ಟಿಯನ್ನು ನನ್ನ ವರ್ಗದಲ್ಲೂ ಬರೆದು ನೋಡಿದೆ. ನಾಲ್ಕನೆಯದು ಇಲ್ಲ ಎನ್ನುವ ಮಕ್ಕಳು ನನ್ನಲ್ಲೂ ಇದ್ದರು.

ದಸರಾ ಸೂಟಿ ಸುರುವಾಗುವ ಹಿಂದಿನ ದಿನ ತಂದೆ ಬಂದರು. ಅಕ್ಕೋರು ನಡೆದದ್ದನ್ನೆಲ್ಲ ಬಿಡಿಸಿ ಹೇಳಿದರು. ಅವರು ಅದನ್ನು ಎರಡು ಸಲ ಕೇಳಿಸಿಕೊಂಡರು. ಚೌಥಾ, ಚೌಥಾಯಿ ಎಂದು ತಮ್ಮಷ್ಟಕ್ಕೆ ಹೇಳಿಕೊಂಡು, ಅಷ್ಟೇನಾ ಎಂದರು. ಅಷ್ಟೇ ಎಂದರು ಅಕ್ಕೋರು. ತಂದೆ ಹೊರಗೆ ಹೋಗಿ, ಟ್ರ್ಯಾಕ್ಟರಿನ ಮೇಲೆ ಮಗನನ್ನು ಕೂರಿಸಿಕೊಂಡು ಹೋದರು. ಪಂಕ್ಚರ್ ಅಂಗಡಿಯ ಮಾತು ಮತ್ತೆ ಬರಲಿಲ್ಲ. ಮೌಲಾಲಿ ನಮ್ಮಲ್ಲಿ ಏಳನೆಯದನ್ನು ಮುಗಿಸಿ ರಾಮದುರ್ಗದ ಹೈಸ್ಕೂಲಿಗೆ ಹೋದ. ಗಣಿತದಲ್ಲಿ ಅದ್ಭುತವೇನೂ ಆಗಲಿಲ್ಲ, ಚೆನ್ನಾಗಿಯೇ ಇದ್ದ. ಈಗ ಮಲಪ್ರಭಾ ಜಲಾಶಯದ ಕಾಲುವೆ ವಿಭಾಗದಲ್ಲಿ ನೀರು ಬಿಡುವ ಕೆಲಸದಲ್ಲಿದ್ದಾನೆ. ಅಕ್ಕೋರ ಮಣ್ಣಿಗೂ ಬಂದಿದ್ದ.

ಎರಡು ಸಾವಿರದ ದಶಕದ ನಡುವೆ ಅಕ್ಕೋರು ನಿವೃತ್ತರಾಗಿ ಬೈಲಹೊಂಗಲದಲ್ಲಿ ಅಕ್ಕನ ಜೊತೆ ಇದ್ದರು. ನಾನೂ ಅಷ್ಟರಲ್ಲಿ ವರ್ಗವಾಗಿ ಕಿತ್ತೂರಿನ ಹತ್ತಿರದ ಶಾಲೆಗೆ ಬಂದಿದ್ದೆ. ಭಾನುವಾರ ಒಮ್ಮೊಮ್ಮೆ ಅವರನ್ನು ನೋಡಿ ಬರುತ್ತಿದ್ದೆ. ಮಂಡಿನೋವಿನಿಂದ ನೆಲದ ಮೇಲೆ ಕೂರಲಾಗುತ್ತಿರಲಿಲ್ಲ, ಅದಕ್ಕೆ ಎಲ್ಲರ ಮೇಲೂ ಸಿಡುಕುತ್ತಿದ್ದರು. ನನ್ನ ಮಕ್ಕಳ ವಿದ್ಯೆ, ಹೊಸ ಮನೆ, ಬಡ್ತಿ ಯಾವುದರಲ್ಲೂ ಅವರಿಗೆ ಆಸಕ್ತಿ ಇರಲಿಲ್ಲ. ಚಹಾ ಮುಂದಿಟ್ಟು, ಈ ವರ್ಷ ಹುಡುಗರು ಏನು ತಪ್ಪು ಮಾಡುತ್ತಿದ್ದಾರೆ ಎಂದು ಕೇಳುತ್ತಿದ್ದರು.

ಹಾಗೆ ಹೋದಾಗ ಒಮ್ಮೆ ಒಬ್ಬ ಹುಡುಗಿಯ ಸಂಗತಿ ಹೇಳಿದೆ. ಸೊನ್ನೆ ಬಿಂದು ಐದಕ್ಕಿಂತ ಸೊನ್ನೆ ಬಿಂದು ಒಂದು ಐದು ದೊಡ್ಡದು ಎನ್ನುತ್ತಾಳೆ, ಎಷ್ಟು ಹೇಳಿದರೂ ಬಿಡುವುದಿಲ್ಲ. ಅಕ್ಕೋರು ಒರಗಿದ್ದವರು ಎದ್ದು ಕೂತರು. ಅವಳು ಅದನ್ನು ಬಾಯಿಬಿಟ್ಟು ಓದುವಾಗ ಹೇಗೆ ಓದುತ್ತಾಳೆ, ಬಿಂದುವಿನ ಮುಂದೆ ಒಂದು, ಐದು ಎನ್ನುತ್ತಾಳೋ, ಹದಿನೈದು ಎನ್ನುತ್ತಾಳೋ ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ. ಅವಳನ್ನು ಓದಿಸಿ ನೋಡಿರಲಿಲ್ಲ.

ಸೋಮವಾರ ಮೊದಲ ತಾಸಿನಲ್ಲೇ ಆ ಹುಡುಗಿಯನ್ನು ಓದಿಸಿದೆ. ಸಂಜೆ ಶಾಲೆ ಬಿಟ್ಟ ಕೂಡಲೆ ಕಿತ್ತೂರಿನ ಬಸ್ ನಿಲ್ದಾಣದ ಎದುರಿನ ಫೋನ್ ಬೂತಿಗೆ ಹೋಗಿ ಬೈಲಹೊಂಗಲಕ್ಕೆ ಹಚ್ಚಿದೆ. ಅವರ ಅಕ್ಕ ಎತ್ತಿಕೊಳ್ಳುತ್ತಾರೆ ಎಂದುಕೊಂಡಿದ್ದೆ. ಮೊದಲ ಗಂಟೆಗೇ ಎತ್ತಿದವರು ಅಕ್ಕೋರು. ಯಾರು ಎಂದು ಕೇಳಲಿಲ್ಲ.

"ಏನಂತ ಓದಿದ್ಳು, ಹೇಳ್ರಿ ಸರ," ಎಂದರು.